ಗಾಜಿನ ಮುಚ್ಚಳ ಅಂದವೇ, ಆದರೆ

"ಹಿಂದೆ ಗಾಜು ಇದ್ದರೆ ವಾಚ್ ದಪ್ಪ ಆಗುತ್ತಾ? ಬೇಗ ಹಾಳಾಗುತ್ತಾ?"

ಸ್ವಲ್ಪ ದಪ್ಪ ಆಗುತ್ತದೆ. ತೆಳು ಸ್ಟೀಲ್ ಪೆಟ್ಟು ಬಿದ್ದರೆ ತಗ್ಗಾಗುತ್ತದೆ, ಗಾಜು ಒಡೆಯುತ್ತದೆ. ಅದಕ್ಕೇ ಗಾಜನ್ನು ದಪ್ಪ ಇಡಬೇಕು. ಸುತ್ತ ಸ್ಟೀಲ್ ರಿಂಗು, ನಡುವೆ ನೀರು ತಡೆಯಲು ಇನ್ನೊಂದು ಗ್ಯಾಸ್ಕೆಟ್ ಬೇರೆ.

ನನ್ನ ಎಚ್‌ಎಂಟಿ ಜನತಾಗೆ ಗಾಜಿನ ಮುಚ್ಚಳ ಹಾಕಿಸಿದ್ದೆ. ಕ್ಯಾಲಿಪರ್‌ನಲ್ಲಿ ಅಳೆದರೆ 1 ಮಿಲಿಮೀಟರ್ ಜಾಸ್ತಿ. ಮಳೆಗಾಲದಲ್ಲಿ ಗಾಜಿನ ಒಳಗಡೆ, ಸರಿಯಾಗಿ ಅಂಚಿನಲ್ಲೇ, ಮಂಜು ಕಟ್ಟಿತು. ಆ ಎರಡನೇ ಗ್ಯಾಸ್ಕೆಟ್ ಕೂತಿರಲಿಲ್ಲ. ಹಳೇ ಸ್ಟೀಲ್ ಮುಚ್ಚಳವನ್ನೇ ವಾಪಸ್ ಹಾಕಿಸಿದೆ.

ಹಾಗಂತ ಮ್ಯಾಗ್ನೆಟ್‌ನಿಂದ ವಾಚ್ ಕಾಪಾಡುವ ವಿಷಯದಲ್ಲಿ ಸುಮ್ನೆ ಸ್ಟೀಲನ್ನು ನಂಬಬೇಡಿ. ಅದಕ್ಕೆ ಒಂದು ದಾರಿ, ಒಳಗಿನ ಯಂತ್ರ ಅಂದರೆ ಮೂವ್‌ಮೆಂಟ್ ಸುತ್ತ ಮೆದು ಕಬ್ಬಿಣದ ಕವಚ. ರೋಲೆಕ್ಸ್ ಮಿಲ್‌ಗಾಸ್‌ನಲ್ಲಿ ಇರುವುದು ಅದೇ. ಕಬ್ಬಿಣ ಮುಚ್ಚಿದ ಮೇಲೆ ಹಿಂದೆ ಗಾಜಿಟ್ಟರೂ ಏನೂ ಕಾಣುವುದಿಲ್ಲ, ಅಲ್ವಾ?