ಶೇಕಡಾ ಎರಡು: ಯಾವುದರ ಎರಡು?

"ವರ್ಷಕ್ಕೆ ಬರೀ ಶೇಕಡಾ ಎರಡು ತಾನೆ" ಎಂಬ ಮಾತನ್ನು ಜನಸಂಖ್ಯೆಯ ಚರ್ಚೆಗಳಲ್ಲಿ ಆಗಾಗ ಕೇಳುತ್ತೇನೆ. ಹೀಗೆ ಹೇಳುವವರ ಮನಸ್ಸಿನಲ್ಲಿರುವುದು ಸರಳ ಬಡ್ಡಿಯ ಲೆಕ್ಕ; ಆದರೆ ಹುಟ್ಟಿದ ಮಕ್ಕಳೂ ಬೆಳೆದು ಮಕ್ಕಳನ್ನು ಹೆರುವುದರಿಂದ ಜನಸಂಖ್ಯೆಯದು ಚಕ್ರಬಡ್ಡಿ.

ನೂರು ಜನರ ಎರಡು ಊರುಗಳನ್ನು ಊಹಿಸಿಕೊಳ್ಳಿ. ಒಂದಕ್ಕೆ ಪ್ರತಿವರ್ಷ ಇಬ್ಬರು ಸೇರುತ್ತಾರೆ, ಇನ್ನೊಂದು ಆಯಾ ವರ್ಷದ ಜನಸಂಖ್ಯೆಯ ಶೇಕಡಾ ಎರಡರಷ್ಟು ಬೆಳೆಯುತ್ತದೆ. ಹತ್ತು ವರ್ಷಗಳಾದ ಮೇಲೆ ಮೊದಲನೆಯದರಲ್ಲಿ 120, ಎರಡನೆಯದರಲ್ಲಿ ಸುಮಾರು 122 ಜನರಿರುತ್ತಾರೆ. ಎಣಿಕೆಯಲ್ಲಿ ಇಬ್ಬರು ಬಿಟ್ಟುಹೋಗುವುದು ಸಹಜವಾದ್ದರಿಂದ, ಯಾವ ಊರು ಯಾವ ರೀತಿ ಬೆಳೆಯುತ್ತಿದೆಯೆಂದು ಈ ಹಂತದಲ್ಲಿ ಹೇಳುವುದು ಕಷ್ಟ. ಮೂವತ್ತೈದು ವರ್ಷಕ್ಕೆ ಅವು 170 ಮತ್ತು 200 ಆಗುತ್ತವೆ. ಎಪ್ಪತ್ತಕ್ಕೆ 240 ಮತ್ತು 400.

ನಮ್ಮ ದೇಶದ ಜನಗಣತಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. 1961ರಲ್ಲಿ 43.9 ಕೋಟಿಯಿದ್ದ ಜನಸಂಖ್ಯೆ 1971ಕ್ಕೆ 54.8 ಕೋಟಿಯಾಯಿತು, ಅಂದರೆ 10.9 ಕೋಟಿ ಸೇರಿತು. ಮುಂದಿನ ದಶಕದಲ್ಲಿ 13.5 ಕೋಟಿ, ಅದರ ಮುಂದಿನದರಲ್ಲಿ 16.3 ಕೋಟಿ ಸೇರಿತು. ಆದರೆ ಶೇಕಡಾವಾರು ಲೆಕ್ಕ ಹಾಕಿದರೆ ಮೂರೂ ದಶಕಗಳ ಬೆಳವಣಿಗೆ 24ರಿಂದ 25ರ ಆಸುಪಾಸಿನಲ್ಲೇ ಇದೆ. ಪ್ರತಿ ದಶಕವೂ 10.9 ಕೋಟಿಯಷ್ಟೇ ಸೇರುತ್ತಾ ಹೋಗಿದ್ದರೆ 2001ರಲ್ಲಿ ನಾವು 87.5 ಕೋಟಿ ಇರುತ್ತಿದ್ದೆವು. ಎಣಿಸಿದಾಗ ಸಿಕ್ಕಿದ್ದು ಸುಮಾರು 102.9 ಕೋಟಿ.

ದಶಕದ 24.8ನ್ನು ಹತ್ತರಿಂದ ಭಾಗಿಸಿ "ವರ್ಷಕ್ಕೆ 2.48" ಎಂದು ಬರೆಯುವುದೂ ಇದೇ ಗೊಂದಲದ ಫಲ. ನಿಜವಾದ ವಾರ್ಷಿಕ ದರ ಸುಮಾರು 2.24, ಉಳಿದದ್ದು ಹೆಚ್ಚಳದ ಮೇಲಿನ ಹೆಚ್ಚಳ.

ಆದ್ದರಿಂದ ಯಾವುದೇ ಬೆಳವಣಿಗೆಯ ಪಟ್ಟಿ ಕೈಗೆ ಸಿಕ್ಕಾಗ ನಾನು ಸಾಲಿನಿಂದ ಸಾಲಿಗೆ ಕಳೆದೂ ನೋಡುತ್ತೇನೆ, ಭಾಗಿಸಿಯೂ ನೋಡುತ್ತೇನೆ. ವ್ಯತ್ಯಾಸ ಸ್ಥಿರವಾಗಿದ್ದರೆ ಅದು ಸರಳರೇಖೆ, ಅನುಪಾತ ಸ್ಥಿರವಾಗಿದ್ದರೆ ಘಾತೀಯ ಬೆಳವಣಿಗೆ. 1991ರಿಂದ 2001ರವರೆಗೆ ದರ 21.5ಕ್ಕೆ, ಅಂದರೆ ವರ್ಷಕ್ಕೆ ಹೆಚ್ಚುಕಡಿಮೆ ಎರಡಕ್ಕೆ ಇಳಿಯಿತು. ಆದರೂ ಸೇರಿದ ಜನ 18.2 ಕೋಟಿ, ಹಿಂದಿನ ದಶಕಕ್ಕಿಂತ ಹೆಚ್ಚು. ದರ ಇಳಿದ ಮಾತ್ರಕ್ಕೆ ಸೇರ್ಪಡೆ ಇಳಿಯುವುದಿಲ್ಲವೆಂಬುದನ್ನು ಒಪ್ಪಲು ಅನೇಕರಿಗೆ ಬಲು ಕಷ್ಟವಾಗುತ್ತದೆ. ದರ ಕುಗ್ಗಿದರೂ ಅದು ಅನ್ವಯಿಸುವ ಮೂಲಧನ ಹಿಗ್ಗಿರುತ್ತದಲ್ಲ!

2001ರಿಂದ 2011ರವರೆಗೆ ಸೇರಿದ್ದೂ ಸುಮಾರು 18.2 ಕೋಟಿಯೇ, ದರ ಮಾತ್ರ 17.7ಕ್ಕೆ ಕುಸಿದಿತ್ತು. ಚಕ್ರಬಡ್ಡಿಯ ಬಾಗು ಇಲ್ಲಿ ಸರಳರೇಖೆಯತ್ತ ತಿರುಗಿದಂತೆ ಕಾಣುತ್ತದೆಯಾದರೂ, ಎರಡೇ ವ್ಯತ್ಯಾಸಗಳನ್ನು ನಂಬಿ ಗೆರೆಯೆಳೆಯಲು ನಾನು ಸಿದ್ಧನಿಲ್ಲ. 2021ರ ಗಣತಿ ಮುಂದೂಡಲ್ಪಟ್ಟಿದ್ದರಿಂದ ಮೂರನೆಯದು ನಮಗೆ ಆಗ ಸಿಗಲಿಲ್ಲ.