ಹೊಲೊಗ್ರಾಮ್ ಫೋಟೊ ನಂಬಬೇಡಿ

"ಅಣ್ಣಾ, ಬ್ರೇಕ್ ಪ್ಯಾಡ್ ಬಾಕ್ಸಿನ ಹೊಲೊಗ್ರಾಮ್ ಫೋಟೊ ಕಳಿಸಿದ್ರೆ ಅಸಲಿನೋ ನಕಲಿನೋ ಹೇಳ್ತೀರಾ?"

ಒಂದೇ ಫೋಟೊ ನೋಡಿ ಹೇಳೋದು ಕಷ್ಟ ರೀ. ಹೊಲೊಗ್ರಾಮ್‌ನ ಗುಟ್ಟಿರೋದೇ ವಾಲಿಸಿದಾಗ ಚಿತ್ರ ಬದಲಾಗೋದರಲ್ಲಿ. ಫೋಟೊದಲ್ಲಿ ಬರೀ ಹೊಳೆಯುವ ಸ್ಟಿಕ್ಕರ್ ಕೂಡ ಹಾಗೇ ಕಾಣುತ್ತದೆ. ನಮ್ಮ ಕಲಬುರಗಿಯಲ್ಲಿ ಬಿಸಿಲಿಗೇನು ಕಮ್ಮಿ! ಅಂಗಡಿ ಹೊರಗೆ ನಿಂತು, ಬಾಕ್ಸ್ ವಾಲಿಸುತ್ತಾ ವಿಡಿಯೊ ಮಾಡಿ.

ಕ್ಯೂಆರ್ ಸ್ಕ್ಯಾನ್ ಆದರೂ ಸಾಲದು. ಒಂದು ಅಸಲಿ ಕೋಡನ್ನೇ ನೂರು ಬಾಕ್ಸಿಗೆ ಅಚ್ಚು ಹಾಕಬಹುದು. ಕಳೆದ ವರ್ಷ ನಾನು ಇಲ್ಲೇ ಒಂದು ಅಂಗಡಿಯಲ್ಲಿ ಎರಡು ಬಾಕ್ಸ್ ತೆಗೆಸಿದೆ. ಪ್ರತಿ ಬಾಕ್ಸಿಗೂ ಬೇರೆ ಇರಬೇಕಾದ ಸೀರಿಯಲ್ ನಂಬರ್ ಎರಡರಲ್ಲೂ ಒಂದೇ! ಒಂದೇ ಬಾಕ್ಸ್ ನೋಡಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಬಾಕ್ಸ್ ಅಸಲಿ, ಒಳಗಿನ ಮಾಲು ನಕಲಿ ಅನ್ನೋದೂ ಉಂಟು. ಹಳೇ ಖಾಲಿ ಬಾಕ್ಸ್ ಗುಜರಿಯಿಂದ ವಾಪಸ್ ಬರುತ್ತವೆ ನೋಡಿ. ಹಾಗಾಗಿ ಪ್ಯಾಡ್ ಹೊರಗೆ ತೆಗೆದು, ಹಿಂದಿನ ಕಬ್ಬಿಣದ ತಟ್ಟೆಯ ಫೋಟೊ ಕಳಿಸಿ. ನಾಲ್ಕೂ ಪ್ಯಾಡಿನದು ಬೇಕು. ಅಕ್ಷರ ಉಗುರಿಗೆ ಕಿತ್ತು ಬಂದರೆ, ಅಥವಾ ನಾಲ್ಕರಲ್ಲಿ ಬ್ಯಾಚ್ ನಂಬರ್ ಬೇರೆ ಬೇರೆ ಇದ್ದರೆ ನನಗೆ ಅನುಮಾನ. ಹಳೇ ಪ್ಯಾಡ್ ಎಸೆಯಬೇಡಿ, ಪಕ್ಕಕ್ಕಿಟ್ಟು ಹೋಲಿಸಬಹುದು. ಬಿಲ್ ಕೊಡಲ್ಲ ಅಂದರೆ ಅಲ್ಲೇ ಬಿಟ್ಟು ಬನ್ನಿ.