ಸೀರೆಗೆ ತೇಪೆ ಹಾಕಿದ್ದೀನಂತೆ!

ಬೆಳಿಗ್ಗೆಯಿಂದ ಮೂರು ಜನ ಒಂದೇ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಯಾರೋ ಆನ್‌ಲೈನ್ ವ್ಯಾಪಾರಿ, ಒಂದು ಸ್ಟಾರ್ ಕೊಟ್ಟ ಗಿರಾಕಿಯ ಮಾನವನ್ನು ರಿವ್ಯೂ ಕೆಳಗೇ ಹರಾಜು ಹಾಕಿದ್ದಾರೆ. ‘ಸರಿಯಾಗಿ ಕೊಟ್ರು’ ಅಂತ ಎಲ್ಲರಿಗೂ ಖುಷಿ. ಚಪ್ಪಾಳೆ ಹೊಡೆದವರು ಅಲ್ಲಿ ಒಂದು ಕರ್ಚೀಫಾದರೂ ಕೊಳ್ತಾರಾ?

ನನ್ನ ಕೋಪಕ್ಕೆ ಕಾರಣ ಇದೆ. ಹೋದ ತಿಂಗಳು ನಾನು ಸೀರೆ ಮಾರುವ ಪ್ರೊಫೈಲ್‌ಗೂ ಒಂದು ಸ್ಟಾರ್ ಬಿತ್ತು. ‘ಮೋಸ. ಸೆರಗಿನ ಹತ್ತಿರ ಜೋಡಿಸಿದ್ದಾರೆ, ತುಂಡು ಬಟ್ಟೆ.’

ಅಯ್ಯೋ, ಅದು ಇಳಕಲ್ ಸೀರೆ! ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಕೂಡಿಸಿಯೇ ಅದನ್ನು ನೇಯುವುದು. ಕೊಂಡಿ ಅಂತಾರೆ. ಸೂಜಿ ಮುಟ್ಟಿರುವುದಿಲ್ಲ. ಜನ ಹುಡುಕಿಕೊಂಡು ಬರುವ ಗುರುತನ್ನೇ ಇವರು ತೇಪೆ ಅಂದುಬಿಟ್ಟರು.

ರಾತ್ರಿ ಹನ್ನೊಂದಕ್ಕೆ ಟೈಪ್ ಮಾಡಿದೆ: ‘ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು.’ ಕಳಿಸಲಿಲ್ಲ. ದೊಡ್ಡ ಗುಣ ಅಂದುಕೊಳ್ಳಬೇಡಿ. ಎರಡು ವರ್ಷದ ಹಿಂದೆ ಇಂಥದ್ದೇ ಒಂದನ್ನು ಕಳಿಸಿದ್ದೆ. ಆಮೇಲೆ ಒಬ್ಬರು ಐದು ಸೀರೆಯ ಆರ್ಡರ್ ಮಾತಾಡಿ, ಅದನ್ನು ಓದಿ, ‘ಏನಾದರೂ ಹೆಚ್ಚುಕಮ್ಮಿ ಆದ್ರೆ ನಮಗೂ ಹೀಗೇ ಬೈತೀರಾ?’ ಅಂತ ಕೇಳಿ ಹೋದರು. ಬೈಸಿಕೊಂಡವರು ಅದನ್ನು ಓದಿದರೋ ಇಲ್ಲವೋ, ಕೊಳ್ಳಲು ಬಂದವರಂತೂ ಓದಿದರು.

ಅದಕ್ಕೇ ಈ ಸಲ ಮಾರನೇ ದಿನ, ಚಹಾ ಕುಡಿದ ಮೇಲೆ ಬರೆದೆ:

‘ನಮಸ್ಕಾರ. ಸೀರೆ ನೋಡಿ ನಿಮಗೆ ಬೇಸರವಾಗಿದ್ದಕ್ಕೆ ಕ್ಷಮಿಸಿ. ಸೆರಗಿನ ಹತ್ತಿರ ಕಾಣುವುದು ಹೊಲಿಗೆಯಲ್ಲ, ಮಗ್ಗದಲ್ಲೇ ಹಾಕುವ ಕೊಂಡಿ. ಇಳಕಲ್ ನೇಯ್ಗೆಯ ಗುರುತು ಅದು. ಇದನ್ನು ನಾವು ಫೋಟೋದಲ್ಲಿ ತೋರಿಸಿರಲಿಲ್ಲ, ಈಗ ಸೇರಿಸಿದ್ದೇವೆ. ಸೀರೆ ಬೇಡವಾದರೆ ವಾಪಸ್ ಕಳಿಸಿ, ಖರ್ಚು ನಮ್ಮದು.’

ಅಷ್ಟೇ. ಅವರ ಹೆಸರು, ಊರು, ಮೆಸೇಜ್‌ನಲ್ಲಿ ಏನಂದರು, ಯಾವುದೂ ಇಲ್ಲ. ಮೋಸ ಅನ್ನುವ ಮಾತನ್ನು ನಾನು ಮತ್ತೆ ಎತ್ತಲೂ ಇಲ್ಲ. ರಿವ್ಯೂ ತೆಗೆದರೆ ದುಡ್ಡು ವಾಪಸ್ ಕೊಡ್ತೀನಿ ಅಂತ ಒಳಗೊಳಗೇ ಚೌಕಾಸಿಗೂ ಇಳಿಯಲಿಲ್ಲ. ಅದರ ಸ್ಕ್ರೀನ್‌ಶಾಟ್ ಹೊರಗೆ ಬಂದರೆ ಆಗ ನಿಜವಾಗಿಯೂ ನಾನೇ ಮೋಸಗಾತಿ.

‘ಇಷ್ಟು ತಗ್ಗಿದರೆ ತಪ್ಪು ಒಪ್ಪಿಕೊಂಡ ಹಾಗಲ್ವಾ?’ ಅಂತ ತಮ್ಮನ ತಕರಾರು. ಎಲ್ಲಿ ಒಪ್ಪಿಕೊಂಡೆ? ಹೊಲಿಗೆಯಲ್ಲ ಅಂತ ನೇರವಾಗಿ ಹೇಳಿದ್ದೀನಲ್ಲ. ಫೋಟೋ ಹಾಕದೇ ಇದ್ದದ್ದು ನನ್ನದೇ ತಪ್ಪು, ಅದನ್ನಷ್ಟೇ ಒಪ್ಪಿದ್ದು. (ಅವನು ಇವತ್ತಿನವರೆಗೆ ಒಂದು ಪಿನ್ನೂ ಮಾರಿಲ್ಲ, ಇರಲಿ.)

ಆ ಒಂದು ಸ್ಟಾರ್ ಇನ್ನೂ ಅಲ್ಲೇ ಕೂತಿದೆ. ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನೆ ಹೊಸಬರೊಬ್ಬರು ಮೆಸೇಜ್ ಮಾಡಿ ಮೊದಲು ಕೇಳಿದ್ದೇ, ‘ಇದರಲ್ಲಿ ಕೊಂಡಿ ಇದೆ ತಾನೇ?’